ಮೆಷಿನ್‌ಗೆ ನೀರು ತುಂಬದಿದ್ದರೆ ಮೊದಲು ಒಂದು ಬಕೆಟ್ ತನ್ನಿ

ನಮ್ಮ ವಾಷಿಂಗ್ ಮೆಷಿನ್‌ಗೆ ಏನೋ ಆಗಿದೆ ಅಂತ ಮೊದಲು ಸುಳಿವು ಕೊಟ್ಟದ್ದು ಸೋಪಿನ ಪುಡಿ. ಒಗೆತ ಮುಗಿದ ಮೇಲೆ ಪುಡಿ ಹಾಕುವ ಡ್ರಾಯರ್ ಎಳೆದರೆ ಅರ್ಧ ಪುಡಿ ಒದ್ದೆ ಮುದ್ದೆಯಾಗಿ ಅಲ್ಲೇ ಕೂತಿತ್ತು. ಪುಡಿಯೇ ಸರಿಯಿಲ್ಲ ಅಂತ ಸೊಸೆ ಬೇರೆ ತಂದಳು. ಅದೂ ಹಾಗೇ ಕೂತಿತು. ಡ್ರಾಯರ್ ತೊಳೆದುಕೊಂಡು ಹೋಗುವಷ್ಟು ರಭಸ ನೀರಿಗೆ ಇಲ್ಲ ಅಂತ ಆಗ ನಮಗೆ ಹೊಳೆಯಲಿಲ್ಲ. ಒಂದು ವಾರ ಕಳೆದ ಮೇಲೆ ಮೆಷಿನ್ ಪರದೆಯ ಮೇಲೆ IE ಅಂತ ಬಂತು, ಕೂಗಲು ಶುರು ಮಾಡಿತು. ಬೇರೆ ಕಂಪನಿ ಮೆಷಿನ್‌ಗಳಲ್ಲಿ 4C ಅಂತಲೋ ಇನ್ನೇನೋ ಬರುತ್ತದೆ. ಎಲ್ಲದರ ಅರ್ಥ ಒಂದೇ: ಬರಬೇಕಾದ ಹೊತ್ತಿಗೆ ನೀರು ಬರಲಿಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, "ವಾಲ್ವ್ ಹೋಗಿರುತ್ತೆ ಅಮ್ಮ, ಹೊಸದು ಹಾಕಬೇಕು" ಅಂದ. ನೋಡದೆ ಹೇಗಪ್ಪಾ ಗೊತ್ತಾಯಿತು ಅಂತ ಕೇಳಿ ಫೋನ್ ಇಟ್ಟೆ.

ನೀರು ಟ್ಯಾಂಕಿನಿಂದ ನಲ್ಲಿಗೆ, ನಲ್ಲಿಯಿಂದ ಪೈಪಿಗೆ, ಪೈಪಿನಿಂದ ಮೆಷಿನ್‌ಗೆ ಬರುತ್ತದೆ ಅಲ್ವಾ? ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಲು ಒಂದು 10 ಲೀಟರ್ ಬಕೆಟ್ಟು, ಒಂದು ಗಡಿಯಾರ ಸಾಕು. ಮೆಷಿನ್ನಿನ ನಲ್ಲಿ ಮುಚ್ಚಿ, ಪೈಪಿನ ಎರಡು ತುದಿಯಲ್ಲಿ ಮೆಷಿನ್ ಕಡೆಯದನ್ನು ಬಿಚ್ಚಿ, ಬಕೆಟ್ಟಿಗೆ ಇಳಿಬಿಟ್ಟು ನಲ್ಲಿ ಪೂರ್ತಿ ತಿರುಗಿಸಿ. ನಮ್ಮಲ್ಲಿ ಬಕೆಟ್ಟು ಒಂದು ನಿಮಿಷ ಹತ್ತು ಸೆಕೆಂಡಿಗೆ ತುಂಬಿತು. ಇಷ್ಟು ಬಂದರೆ ಟ್ಯಾಂಕು, ನಲ್ಲಿ, ಪೈಪು ಮೂರೂ ಸರಿ ಇವೆ ಅಂತ ಅರ್ಥ. ತಡೆ ಇರುವುದು ಮೆಷಿನ್ನಿಗೆ ನೀರು ಹೋಗುವ ಮೂತಿಯಲ್ಲೇ. ಮೂರು ನಾಲ್ಕು ನಿಮಿಷ ಹಿಡಿದರೆ ಪೈಪನ್ನು ನಲ್ಲಿಯಿಂದಲೂ ಬಿಚ್ಚಿ, ಬರೀ ನಲ್ಲಿ ಕೆಳಗೆ ಬಕೆಟ್ ಇಟ್ಟು ನೋಡಿ. ಆಗ ಬೇಗ ತುಂಬಿದರೆ ಪೈಪು ಮಡಚಿಕೊಂಡಿದೆ ಅಥವಾ ಅದರೊಳಗೇ ಕಸ ಇದೆ. ಮೆಷಿನ್ನನ್ನು ಗೋಡೆಗೆ ಒತ್ತಿ ಇಡುವ ಮನೆಗಳಲ್ಲಿ ಪೈಪು ಹಿಂದೆ ಮಡಚಿಕೊಳ್ಳುವುದು ಜಾಸ್ತಿ.

ನಮ್ಮದು ಆ ಮೂತಿಯ ತೊಂದರೆ. ಮೆಷಿನ್ ಹಿಂದೆ ಪೈಪು ಸೇರುವ ಮೂತಿಯೊಳಗೆ ಬೆರಳಿನ ತುದಿಯಷ್ಟು ಅಗಲದ ಒಂದು ಚಿಕ್ಕ ಜಾಲರಿ ಇರುತ್ತದೆ. ಬಿಸಿ ನೀರಿಗೆ ಬೇರೆ ಮೂತಿ ಇದ್ದರೆ ಅಲ್ಲೂ ಒಂದು. ಕೆಲವು ಪೈಪುಗಳಲ್ಲಿ ನಲ್ಲಿ ಕಡೆಯ ತುದಿಯಲ್ಲೂ ಜಾಲರಿ ಇರುತ್ತದೆ, ಅದನ್ನು ಮರೆಯಬೇಡಿ. ತೆಗೆಯುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಪಕ್ಕಕ್ಕಿಡಿ. ನೆಲಕ್ಕೆ ಹಳೇ ಟವೆಲ್ ಹಾಸಿ, ಪೈಪಲ್ಲಿ ನಿಂತ ನೀರು ಒಂದೆರಡು ಲೋಟ ಬಂದೇ ಬರುತ್ತದೆ. ಜಾಲರಿಯ ನಡುವೆ ಒಂದು ಪುಟ್ಟ ಮೂಗು ಇರುತ್ತದೆ. ಚೂಪು ಮೂತಿಯ ಇಕ್ಕಳದಲ್ಲಿ ಅದನ್ನು ಹಿಡಿದು ನೇರವಾಗಿ, ಮೆತ್ತಗೆ ಎಳೆಯಿರಿ. ಪ್ಲಾಸ್ಟಿಕ್ ಅದು, ತಿರುಚಿದರೆ ಮುರಿಯುತ್ತದೆ.

ನಮ್ಮ ಜಾಲರಿ ಹೊರಗೆ ಬಂದಾಗ ಅದು ಜಾಲರಿ ಅಂತಲೇ ಗೊತ್ತಾಗಲಿಲ್ಲ. ಕಂದು ಬಣ್ಣದ ಸಣ್ಣ ಮರಳು, ಬೋರ್ ನೀರಿನ ಬಿಳಿ ಸುಣ್ಣದ ಚಕ್ಕೆ, ನಲ್ಲಿಯ ತಿರುಪಿನ ಮರೆಗೆ ಪ್ಲಂಬರ್ ಸುತ್ತುವ ಬಿಳಿ ಟೇಪಿನ ಒಂದು ಎಳೆ, ಎಲ್ಲ ಸೇರಿ ಮೇಣದಂತೆ ಅಂಟಿತ್ತು. ಆಗ ನೆನಪಾಯಿತು, ಹದಿನೈದು ದಿನದ ಹಿಂದೆ ಟ್ಯಾಂಕ್ ತೊಳೆಸಿದ್ದೆವು. ತಳದ ರಾಡಿ ಕದಡಿ ಪೈಪಿಗಿಳಿದು ಇಲ್ಲಿ ಬಂದು ಕೂತಿದೆ. ಈಗ ಟ್ಯಾಂಕ್ ತೊಳೆಸಿದ ದಿನ ಮೆಷಿನ್ ನಲ್ಲಿಯನ್ನು ಮುಚ್ಚಿಡುತ್ತೇನೆ. ಬಚ್ಚಲ ನಲ್ಲಿಯಲ್ಲಿ ಎರಡು ಬಕೆಟ್ ನೀರು ಹೋಗಿ ಕೆಂಪು ಬಣ್ಣ ನಿಂತ ಮೇಲೆಯೇ ತೆರೆಯುವುದು. ಆ ನೀರು ಗಿಡಕ್ಕಾಗುತ್ತದೆ.

ಮರಳನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಹರಿಯುವ ನೀರಲ್ಲಿ ಉಜ್ಜಿದರೆ ಹೋಗುತ್ತದೆ. ಸುಣ್ಣ ಹಾಗೆ ಹೋಗುವುದಿಲ್ಲ. ಒಂದು ಬಟ್ಟಲಲ್ಲಿ ವಿನೆಗರ್ ಅಥವಾ ನಿಂಬೆರಸ ಹಾಕಿ ಜಾಲರಿಯನ್ನು ಅರ್ಧ ಗಂಟೆ ಮುಳುಗಿಸಿಡಿ, ಆಮೇಲೆ ಉಜ್ಜಿ. ಪಿನ್ನು, ಸೂಜಿ ಹಾಕಿ ಚುಚ್ಚಬೇಡಿ. ಕಣ್ಣು ದೊಡ್ಡದಾದರೆ ಜಾಲರಿ ಇದ್ದೂ ಇಲ್ಲದಂತೆ. ನಮ್ಮ ಪಕ್ಕದ ಮನೆಯವರು "ಇದರಿಂದಲೇ ತೊಂದರೆ" ಅಂತ ಜಾಲರಿಯನ್ನೇ ತೆಗೆದು ಬಿಸಾಕಿದ್ದರು. ನೀರೇನೋ ಜೋರಾಗಿ ಬಂತು. ಎರಡು ತಿಂಗಳಿಗೆ ಒಂದು ಮರಳಿನ ಕಾಳು ವಾಲ್ವಿನ ರಬ್ಬರಿಗೆ ಸಿಕ್ಕಿ, ಅದು ಮುಚ್ಚದೆ, ಮೆಷಿನ್ ಆಫ್ ಇದ್ದಾಗಲೂ ಒಳಗೆ ನೀರು ತುಂಬುತ್ತಿತ್ತು. ಆಗ ನಿಜವಾಗಿಯೂ ವಾಲ್ವ್ ಬದಲಾಯಿಸಬೇಕಾಯಿತು.

ಪೈಪು ವಾಪಸ್ ಹಾಕುವಾಗ ಒಳಗಿನ ರಬ್ಬರ್ ವಾಷರ್ ಇದೆಯಾ, ಸೀಳಿದೆಯಾ ನೋಡಿ. ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ಮರೆ ಹಾಳು. ನಲ್ಲಿ ತೆರೆದು ಒಣ ಬೆರಳಲ್ಲಿ ಸುತ್ತ ಸವರಿ, ತೇವ ಇಲ್ಲದಿದ್ದರೆ ಮಾತ್ರ ಪ್ಲಗ್ ಹಾಕಿ.

ನನ್ನ ತಂಗಿ ಮನೆಯಲ್ಲಿ ಇದೇ ರೋಗ, ಕಾರಣ ಬೇರೆ. ಅವಳದು ಮೇಲಿನ ಮಹಡಿ. ಬರೀ ನಲ್ಲಿಯಲ್ಲೇ 10 ಲೀಟರ್ ಬಕೆಟ್ಟಿಗೆ ನಾಲ್ಕು ನಿಮಿಷ. ಜಾಲರಿ ಕನ್ನಡಿಯ ಹಾಗೆ ಇತ್ತು. ಮೆಷಿನ್ ಪುಸ್ತಕ ತೆಗೆದು ನೋಡಿದರೆ ಕನಿಷ್ಠ ಒತ್ತಡ 0.03 MPa ಅಂತ ಬರೆದಿತ್ತು. ಅಂದರೆ ಟ್ಯಾಂಕಿನ ನೀರಿನ ಮಟ್ಟ ಮೆಷಿನ್ ಮೂತಿಗಿಂತ ಸುಮಾರು ಮೂರು ಮೀಟರ್ ಮೇಲಿರಬೇಕು. ಅವಳ ಟ್ಯಾಂಕು ತಾರಸಿಯ ಮೇಲೆ ಎರಡು ಸಾಲು ಇಟ್ಟಿಗೆ ಇಟ್ಟು ಕೂರಿಸಿದ್ದು, ಅರ್ಧ ಖಾಲಿಯಾದರೆ ಎರಡು ಮೀಟರೂ ಇಲ್ಲ. ಮೆಷಿನ್ನಿನೊಳಗೆ ನೀರು ಬಿಡುವ ವಾಲ್ವ್ ಕರೆಂಟಿನಿಂದ ಒಂದಿಷ್ಟು ತೆರೆಯುತ್ತದೆ, ಮಿಕ್ಕಿದ್ದನ್ನು ನೀರಿನ ಒತ್ತಡವೇ ತೆರೆಯಬೇಕು. ಒತ್ತಡ ಇಲ್ಲದಿದ್ದರೆ ಬರೀ ಜಿನುಗುತ್ತದೆ.

ಪಂಪು ತರುವ ಮೊದಲು ಅವಳನ್ನು ತಾರಸಿಗೆ ಕಳಿಸಿದೆ. ಟ್ಯಾಂಕಿನ ಬುಡದ ಗೇಟ್ ವಾಲ್ವನ್ನು ಯಾರೋ ಅರ್ಧಕ್ಕೆ ನಿಲ್ಲಿಸಿದ್ದರು. ಪೂರ್ತಿ ತೆರೆದಾಗ ನಾಲ್ಕು ನಿಮಿಷ ಎರಡೂವರೆಗೆ ಇಳಿಯಿತು. ಟ್ಯಾಂಕ್ ತುಂಬಿದ ಬೆಳಿಗ್ಗೆ ಒಗೆದರೆ ನಡೆಯುತ್ತದೆ, ಸಂಜೆಗೆ ಕಷ್ಟ. ಕೊನೆಗೆ ಆ ಲೈನಿಗೆ ಒಂದು ಸಣ್ಣ ಪ್ರೆಷರ್ ಪಂಪ್ ಹಾಕಿಸಿದಳು. ಮೇಲೆ ತೆರೆಯುವ ಮೆಷಿನ್ ಇದ್ದವರು ಅಲ್ಲಿಯವರೆಗೆ ಬಕೆಟ್ಟಲ್ಲಿ ಟಬ್ಬಿಗೇ ನೀರು ಸುರಿದುಕೊಳ್ಳಬಹುದು. ಮಟ್ಟ ಮುಟ್ಟಿದರೆ ಅದು ತಾನೇ ತಿರುಗಲು ಶುರು ಮಾಡುತ್ತದೆ.

ಬಕೆಟ್ ಬೇಗ ತುಂಬುತ್ತದೆ, ಜಾಲರಿಯೂ ಶುದ್ಧ, ಆದರೂ ಹನಿ ನೀರು ಒಳಗೆ ಹೋಗುತ್ತಿಲ್ಲ ಅಂದರೆ ಮೆಷಿನ್ ಚಾಲೂ ಮಾಡಿ ಹಿಂದುಗಡೆ ಸುಮ್ನೆ ಕಿವಿಗೊಡಿ, ಏನನ್ನೂ ಬಿಚ್ಚಬೇಡಿ. ಸಣ್ಣಗೆ ಗುಂಯ್ ಅಂತಿದ್ದರೆ ಕರೆಂಟ್ ಬರುತ್ತಿದೆ, ವಾಲ್ವ್ ಅಂಟಿಕೊಂಡಿರಬಹುದು. ಸದ್ದೇ ಇಲ್ಲದಿದ್ದರೆ ವಾಲ್ವಿನ ಕಾಯಿಲ್, ಬಾಗಿಲಿನ ಲಾಕ್ ಅಥವಾ ಬೋರ್ಡು. ಸದ್ದು ಇದೆಯೋ ಇಲ್ಲವೋ ಅಂತ ಮೆಕ್ಯಾನಿಕ್‌ಗೆ ಫೋನಿನಲ್ಲೇ ಹೇಳಿ. ಬೇಕಾದ ಸಾಮಾನು ಹಿಡಿದುಕೊಂಡೇ ಬರುತ್ತಾನೆ.