ಮಲ್ಪೆಯ ಬಲೆ ಚೂರುಗಳಿಂದ ನೈಲಾನ್ ಕಲಿಸಿದ್ದು: ನನ್ನ ಅನುಭವ

ನಾನು ಉಡುಪಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪಾಲಿಮರ್ ಪಾಠವನ್ನು ಬಲೆಯಿಂದ ಶುರು ಮಾಡುತ್ತೇನೆ ಎಂದು ಹೇಳಿದಾಗ ವಿಭಾಗದ ಹಿರಿಯರೊಬ್ಬರು, "ನೀವು ಬಲೆ ತೋರಿಸಿ, ಪರೀಕ್ಷೆಯಲ್ಲಿ ಅವರು ಬರೆಯಬೇಕಾದದ್ದು ಪುನರಾವರ್ತಿತ ಘಟಕ ಅಲ್ಲವೇ?" ಎಂದು ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಆಗ ಅರವತ್ತು ಜನರಲ್ಲಿ ನೈಲಾನ್ 6,6ರ ಘಟಕವನ್ನು, ಅಂದರೆ ಸರಪಳಿಯಲ್ಲಿ ಮತ್ತೆ ಮತ್ತೆ ಬರುವ ತುಣುಕನ್ನು, ತಪ್ಪಿಲ್ಲದೆ ಬರೆಯುತ್ತಿದ್ದವರು ಇಪ್ಪತ್ತರ ಆಸುಪಾಸು. ಕಳೆದ ವರ್ಷ ಐವತ್ತು ದಾಟಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ನಾನು ಹಣ ಕಳೆದುಕೊಂಡದ್ದು ಬೀಕರಿನಿಂದ ನೈಲಾನ್ ಎಳೆ ಎಳೆಯುವ ಪ್ರಯೋಗದಲ್ಲಿ. ಅಡಿಪಾಯ್ಲ್ ಕ್ಲೋರೈಡಿನ ಸಣ್ಣ ಬಾಟಲಿಗೆ ಎರಡು ಸಾವಿರಕ್ಕೂ ಮಿಕ್ಕಿ ಕೊಟ್ಟಿದ್ದೆ. ಜೂನ್ ಕೊನೆಯಲ್ಲಿ ಒಮ್ಮೆ ತೆರೆದು ನೋಡಿ ಮುಚ್ಚಿಟ್ಟೆ, ಪಾಠ ಇದ್ದದ್ದು ಆಗಸ್ಟಿನಲ್ಲಿ. ನಮ್ಮ ಮಳೆಗಾಲದ ಗಾಳಿ ಆ ಒಂದು ತೆರೆಯುವಿಕೆಯಲ್ಲಿ ಒಳಗೆ ಹೋದದ್ದೇ ಸಾಕಾಯಿತು. ಬಾಟಲಿಯ ಕುತ್ತಿಗೆಯಲ್ಲಿ ಬಿಳಿ ಪುಡಿ ಕಟ್ಟಿತ್ತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೆಕ್ಸೇನಿನಲ್ಲಿ ಬೆರೆಸಿ, ಕೆಳಗಿನ ಡೈಅಮೀನ್ ದ್ರಾವಣದ ಮೇಲೆ ಸುರಿದೆ. ಪೊರೆ ಬರಲಿಲ್ಲ. ಎರಡು ಪದರಗಳ ನಡುವೆ ಬಿಳಿ ಹರಳು ಕೂತಿತು, ಚಿಮಟಿಗೆ ಏನೂ ಸಿಗಲಿಲ್ಲ. ಕ್ಲೋರೈಡ್ ನೀರಿನೊಂದಿಗೆ ಸೇರಿ ಅಡಿಪಿಕ್ ಆಮ್ಲವಾಗಿ ತಿರುಗಿತ್ತು, ಆ ಆಮ್ಲ ಹೆಕ್ಸೇನಿನಲ್ಲಿ ಕರಗುವುದಿಲ್ಲ. ಹೆಕ್ಸೇನಿನಲ್ಲಿ ಬೆರೆಸಿದಾಗ ದ್ರಾವಣ ಮಬ್ಬಾದರೆ ಅಲ್ಲಿಗೇ ನಿಲ್ಲಿಸಿ, ಮುಂದುವರಿಸಿದರೆ ಅಮೀನೂ ವ್ಯರ್ಥ.

ಮರುವರ್ಷ ಬಾಟಲಿಯನ್ನು ಪಾಠದ ದಿನವೇ ತೆರೆದೆ. ಎರಡೂ ದ್ರಾವಣ ನೂರಕ್ಕೆ ಐದರಷ್ಟು, ಕೆಳಗಿನ ನೀರಿಗೆ ಒಂದಿಷ್ಟು ಸೋಡಿಯಂ ಹೈಡ್ರಾಕ್ಸೈಡ್. ಅದನ್ನು ಬಿಡಬೇಡಿ. ಇಲ್ಲಿ ಹೊರಬರುವುದು ನೀರಲ್ಲ, ಹೈಡ್ರೋಜನ್ ಕ್ಲೋರೈಡ್. ಅದನ್ನು ಹಿಡಿದುಕೊಳ್ಳುವವರು ಇಲ್ಲದಿದ್ದರೆ ಅಮೀನೇ ಲವಣವಾಗಿ ಕಟ್ಟಿಹೋಗುತ್ತದೆ, ಎಳೆ ಅರ್ಧಕ್ಕೆ ನಿಲ್ಲುತ್ತದೆ. ಈ ಸಲ ಎಳೆ ಮೇಜಿನ ಆಚೆ ತುದಿಯವರೆಗೆ ಬಂತು. ಪೊರೆ ಹರಿಯದಂತೆ ಮೊದಲ ಎಳೆತ ಹೇಗೆ ಎಂಬುದು ಕೈಯ ವಿಷಯ, ಅದನ್ನು ಪ್ರಯೋಗಾಲಯಕ್ಕೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ. ಕೈಗವಸು ಇರಲಿ, ಕೆಲಸ ಹೊಗೆಗೂಡಿನೊಳಗೆ ಆಗಲಿ, ತೊಳೆಯದ ಎಳೆಯನ್ನು ಮಕ್ಕಳು ಮುಟ್ಟದಿರಲಿ.

ಆದರೆ ಆ ಎಳೆಯಿಂದಲೂ ಘಟಕ ಬರೆಯುವುದು ಸುಧಾರಿಸಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು, ಉತ್ತರ ಪತ್ರಿಕೆಯಲ್ಲಿ ಅದೇ ಹಳೆಯ ತಪ್ಪು. ಸುಧಾರಿಸಿದ್ದು ತೂಕದ ಲೆಕ್ಕ ತಂದಮೇಲೆ.

ಲೆಕ್ಕ ಇಷ್ಟೇ. ಎಥಿಲೀನಿನ ಅಣುತೂಕ 28. ಜೋಡಿಬಂಧ ಬಿಚ್ಚಿ ಎರಡೂ ಕಡೆ ಕೈ ಚಾಚಿದರೆ ಸಿಗುವ –[CH2–CH2]– ಘಟಕದ ತೂಕವೂ 28. ಏನೂ ಕಳೆಯಲಿಲ್ಲ, ಇದು ಸಂಕಲನ. ಇನ್ನು ಹೆಕ್ಸಾಮೆಥಿಲೀನ್ ಡೈಅಮೀನ್ 116, ಅಡಿಪಿಕ್ ಆಮ್ಲ 146, ಒಟ್ಟು 262. ಘಟಕದೊಳಗೆ ಇವು ಪರಸ್ಪರ ಒಂದು ಅಮೈಡ್ ಬಂಧದಲ್ಲಿ ಕೂಡುತ್ತವೆ, ಮುಂದಿನ ಘಟಕದೊಂದಿಗೆ ಇನ್ನೊಂದು. ಎರಡು ಬಂಧ, ಎರಡು ನೀರು, 36 ಹೋಯಿತು, ಇದು ಸಂಘನನ. ಉಳಿಯುವುದು 226. ವಿದ್ಯಾರ್ಥಿ ಬರೆದದ್ದು ಇದಾಗಿರಬೇಕು:

–[NH–(CH2)6–NH–CO–(CH2)4–CO]–

ಬರೆದಮೇಲೆ ಪರಮಾಣು ಎಣಿಸಿ ತೂಕ ಕೂಡಿಸಲೇಬೇಕು ಎಂಬುದು ನನ್ನ ಕಟ್ಟುನಿಟ್ಟು. ಈ ಲೆಕ್ಕದ ನಿಜವಾದ ಬೆಲೆ ತಪ್ಪು ಉತ್ತರದಲ್ಲಿದೆ. 254 ಬಂತೇ? ಹುಡುಗ ಆಮ್ಲದ ಕಡೆಯೂ ಆರು CH2 ಹಾಕಿದ್ದಾನೆ. ಹೆಸರಿನ ಎರಡನೆಯ ಆರರಲ್ಲಿ CO ಎರಡೂ ಸೇರಿವೆ ಎಂಬುದನ್ನು ಮರೆತಿದ್ದಾನೆ. 244 ಬಂದರೆ ಒಂದೇ ನೀರು ತೆಗೆದಿದ್ದಾನೆ, ಒಂದು ತುದಿಯಲ್ಲಿ OH, ಇನ್ನೊಂದರಲ್ಲಿ H ಉಳಿದಿರುತ್ತದೆ. 262 ಬಂದರೆ ಎರಡು ಅಣುಗಳನ್ನು ಪಕ್ಕಪಕ್ಕ ಬರೆದು ಆವರಣ ಹಾಕಿದ್ದಾನೆ ಅಷ್ಟೆ. ನಾನೀಗ ಉತ್ತರ ಪತ್ರಿಕೆಯ ಕೊನೆಯ ಮೊತ್ತ ನೋಡಿಯೇ ತಪ್ಪು ಎಲ್ಲಿದೆ ಎಂದು ಹೇಳುತ್ತೇನೆ. ಬೀಕರಿನ ಎಳೆಯೂ ಇದೇ ಲೆಕ್ಕಕ್ಕೆ ಬರುತ್ತದೆ: ಕ್ಲೋರೈಡ್ 183, ಅಮೀನ್ 116, ಅದರಿಂದ ಎರಡು HCl ಅಂದರೆ 73 ಕಳೆದರೆ ಮತ್ತೆ 226. ದಾರಿ ಬೇರೆ, ಘಟಕ ಒಂದೇ. ಇದನ್ನು ಅವರೇ ಕಂಡುಕೊಂಡ ದಿನ ತರಗತಿಯಲ್ಲಿ ನನಗಾದ ಸಂತೋಷ ಎಳೆ ಎಳೆದ ದಿನಕ್ಕಿಂತ ದೊಡ್ಡದು.

ಲೆಕ್ಕ ಹಿಡಿಯದ ತಪ್ಪೂ ಒಂದಿದೆ. ಪಾಲಿಎಥಿಲೀನಿನ ಘಟಕದಲ್ಲಿ ಜೋಡಿಬಂಧವನ್ನು ಹಾಗೇ ಬಿಟ್ಟು ಎರಡೂ ಕಡೆ ಗೆರೆ ಎಳೆದರೆ ತೂಕ 28 ಆಗಿಯೇ ಇರುತ್ತದೆ. ಅಲ್ಲಿ ಇಂಗಾಲದ ಕೈ ಎಣಿಸಬೇಕು, ಐದು ಬಂದರೆ ತಪ್ಪು.

ನೈಲಾನ್ 6ರ ಬಳಿ ನಿಜವಾದ ವಾದ ಎದ್ದಿತು. ಕ್ಯಾಪ್ರೊಲ್ಯಾಕ್ಟಮ್ ತೂಕ 113, ಘಟಕ –[NH–(CH2)5–CO]– ತೂಕವೂ 113. ಏನೂ ಕಳೆಯಲಿಲ್ಲವಲ್ಲ, ಹಾಗಾದರೆ ಇದು ಸಂಕಲನವೇ ಎಂದು ಒಬ್ಬ ಹುಡುಗಿ ಕೇಳಿದಳು. ಪುಸ್ತಕಗಳು ಇದನ್ನು ಸಂಘನನದ ಸಾಲಿಗೆ ಸೇರಿಸುತ್ತವೆ. ನಾನು ಕೊಟ್ಟ ಉತ್ತರ ಇದು: ಸ್ವಲ್ಪ ನೀರು ಸೇರಿಸಿ ಕಾಯಿಸಿದಾಗ ಕೆಲವು ಉಂಗುರ ಬಿಚ್ಚಿ ಅಮೈನೋ ಆಮ್ಲವಾಗುತ್ತವೆ, ಅದರ ಅಮೀನ್ ತುದಿ ಮುಂದಿನ ಉಂಗುರವನ್ನು ಬಿಚ್ಚಿ ಸರಪಳಿಗೆ ಸೇರಿಸುತ್ತದೆ. ಅದೇ ಸರಪಳಿಯನ್ನು ಬಿಚ್ಚಿದ ಅಮೈನೋ ಆಮ್ಲ 131ರಿಂದ ಲೆಕ್ಕ ಹಾಕಿದರೆ ಒಂದು ನೀರು ಹೋಗಿ 113 ಬರುತ್ತದೆ. ಅಂದರೆ ಸಂಕಲನ, ಸಂಘನನ ಎಂಬ ಹೆಸರುಗಳು ಯಾವ ಮೊನೊಮರಿನಿಂದ ಹೊರಟೆವು ಎಂಬುದನ್ನು ಅವಲಂಬಿಸಿವೆ, ಮುಗಿದ ಸರಪಳಿಯ ಮೇಲೆ ಅಂಟಿಸಿದ ಚೀಟಿಗಳಲ್ಲ. ಪರೀಕ್ಷೆಯಲ್ಲಿ ಸಂಘನನ ಎಂದೇ ಬರೆಯಿರಿ ಎಂದೂ ಹೇಳಿದೆ.

ಬಲೆ ಬರುವುದು ಇಲ್ಲಿಗೆ. ಜೂನ್, ಜುಲೈ ಮೀನುಗಾರಿಕೆಗೆ ರಜೆ, ಮಲ್ಪೆ ಬಂದರಿನಲ್ಲಿ ಬಲೆ ರಿಪೇರಿ. ಕತ್ತರಿಸಿ ಬಿಸಾಡುವ ಚೂರು ಗೋಣಿಗಟ್ಟಲೆ ಸಿಗುತ್ತದೆ, ನಾನು ಚಹಾ ಖರ್ಚು ಬಿಟ್ಟು ಒಂದು ಪೈಸೆ ಕೊಟ್ಟಿಲ್ಲ. ಬೀಸುಬಲೆಯ ನೈಲಾನ್ ಚೂರು, ಟ್ರಾಲ್ ಬಲೆಯ ಗಟ್ಟಿ ಪಾಲಿಎಥಿಲೀನ್ ಹುರಿ, ಎರಡನ್ನೂ ತಂದೆ. ಮುಟ್ಟುವ ಮೊದಲು ಘಟಕ ನೋಡಿ ಬರೆಯಬೇಕು: ಯಾವುದು ಮುಳುಗುತ್ತದೆ, ಯಾವುದು ನೀರು ಹೀರುತ್ತದೆ, ಯಾವುದು ಮೊದಲು ಕರಗುತ್ತದೆ. ಪಾಲಿಎಥಿಲೀನಿನಲ್ಲಿ CH2 ಬಿಟ್ಟರೆ ಏನೂ ಇಲ್ಲ, ಸರಪಳಿಗಳ ನಡುವೆ ದುರ್ಬಲ ಸೆಳೆತ ಮಾತ್ರ. ನೈಲಾನಿನಲ್ಲಿ ಆರಾರು ಇಂಗಾಲಗಳಿಗೊಮ್ಮೆ ಅಮೈಡ್, ಒಂದರ NH ಇನ್ನೊಂದರ CO ಹಿಡಿದುಕೊಳ್ಳುತ್ತದೆ. ಹಾಗಾಗಿ ಒತ್ತೊತ್ತಾಗಿ ಕೂರುತ್ತದೆ, ಕರಗಲು ಹೆಚ್ಚು ಬಿಸಿ ಬೇಕು. ಅದೇ ಅಮೈಡ್ ನೀರನ್ನೂ ಹಿಡಿಯುತ್ತದೆ.

ಮೊದಲ ಪರೀಕ್ಷೆಯೇ ಕೈಕೊಟ್ಟಿತು. ಸಾಂದ್ರತೆ 1.14 ಇರುವ ನೈಲಾನ್ ಚೂರು ಬಕೆಟಿನಲ್ಲಿ ತೇಲಿತು. ಸಿಕ್ಕುಗಳಲ್ಲಿ ಗಾಳಿ ಕೂತಿತ್ತು. ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಹಿಚುಕಿದಮೇಲೆ ತಳಕ್ಕೆ ಹೋಯಿತು. 0.95ರ ಪಾಲಿಎಥಿಲೀನ್ ಎಷ್ಟು ಹಿಚುಕಿದರೂ ಮೇಲೆ ಬಂತು. ಬಂದರಿನಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರಿಗೆ ಇದನ್ನು ಹೇಳಿದಾಗ, "ಮಾಸ್ಟ್ರೇ, ಇದು ನಮಗೆ ಗೊತ್ತಿಲ್ಲವೇ? ಬೀಸುಬಲೆ ಮುಳುಗಬೇಕು, ಅದಕ್ಕೇ ನೈಲಾನ್. ಅದಕ್ಕೂ ಸೀಸ ಕಟ್ಟುತ್ತೇವೆ" ಎಂದರು. ಆ ಮಾತನ್ನು ಈಗ ಪಾಠದಲ್ಲಿ ಹೇಳುತ್ತೇನೆ.

ನೀರು ಹೀರುವ ಪರೀಕ್ಷೆಗೆ ಎರಡು ವರ್ಷ ಹಿಡಿಯಿತು. ಮೊದಲ ಸಲ ಪಾಲಿಎಥಿಲೀನ್ ಹುರಿ 20 ಗ್ರಾಂ ಇದ್ದದ್ದು 26 ಆಯಿತು, ಸಿದ್ಧಾಂತವೇ ತಲೆಕೆಳಗು. ಹೀರಿದ್ದಲ್ಲ, ಹುರಿಯ ಎಳೆಗಳ ನಡುವೆ ನೀರು ನಿಂತದ್ದು. ಆಮೇಲೆ ಹುರಿ ಬಿಚ್ಚಿ ಒಂಟಿ ಎಳೆ ಮಾಡಿಕೊಂಡೆ, ನೈಲಾನಿಗೆ ದಪ್ಪ ಗಾಳದ ದಾರ ತೆಗೆದುಕೊಂಡೆ. ಓವನ್ನಿನಲ್ಲಿ 80 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ವಾರ ನೆನೆಸಿ, ಎಳೆ ಎಳೆಯಾಗಿ ಒರೆಸಿ ತೂಗಿದೆವು. ನೈಲಾನ್ 20 ಇದ್ದದ್ದು 21.7ರ ಹತ್ತಿರ ಬಂತು, ಪಾಲಿಎಥಿಲೀನ್ ತಕ್ಕಡಿ ಕದಲಿಸಲಿಲ್ಲ. ಒಣಗಿಸುವುದನ್ನು ಬಿಟ್ಟರೆ ಮಾತ್ರ ಮೋಸ ಹೋಗುತ್ತೀರಿ. ಜುಲೈಯಲ್ಲಿ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ ನೈಲಾನೇ 21 ತೂಗುತ್ತಿತ್ತು, ಅದನ್ನು ಒಣಗಿದ್ದು ಎಂದುಕೊಂಡರೆ ಅರ್ಧಕ್ಕಿಂತ ಹೆಚ್ಚು ಲೆಕ್ಕ ತಪ್ಪುತ್ತದೆ.

ಕರಗಿಸುವ ಪರೀಕ್ಷೆಯಲ್ಲಿ ಒಂದು ಆಕಸ್ಮಿಕ ಲಾಭವಾಯಿತು. ದ್ರವ ಪ್ಯಾರಾಫಿನ್ ಕಾಯಿಸಿ, ಅದರಲ್ಲಿ ಒಣ ಪ್ರನಾಳ ಇಟ್ಟು, ಚೂರನ್ನು ಪ್ರನಾಳದೊಳಗೆ ಹಾಕಬೇಕು. ಪಾಲಿಎಥಿಲೀನ್ 130ರ ಸುಮಾರಿಗೆ ಮುದುಡಿ ಹನಿಯಾಯಿತು, ನೈಲಾನ್ 180ರಲ್ಲೂ ನಿಂತಿತ್ತು. ನೈಲಾನ್ 6 ಕರಗುವುದು 220ರ ಬಳಿ, ಅಷ್ಟು ಕಾಯಿಸುವುದು ನಮ್ಮಲ್ಲಿ ಸುರಕ್ಷಿತವಲ್ಲ, ಬಿಟ್ಟೆವು. ಒಬ್ಬ ಹುಡುಗ ಚೂರನ್ನು ನೇರವಾಗಿ ಪ್ಯಾರಾಫಿನ್ನಿಗೇ ಹಾಕಿಬಿಟ್ಟ. ಪಾಲಿಎಥಿಲೀನ್ ಮೆಲ್ಲನೆ ಕಾಣೆಯಾಯಿತು, ತಣಿದಾಗ ಎಣ್ಣೆ ಬೆಳ್ಳಗೆ ಮಂದವಾಯಿತು. ನಾನು ಮೊದಲು ಎಣ್ಣೆ ಹಾಳಾಯಿತೆಂದು ಗದರಿಸಿದೆ. ಆಮೇಲೆ ಹಲಗೆಯ ಮೇಲೆ ಎರಡರ ಘಟಕ ಬರೆಸಿದೆ. ಪ್ಯಾರಾಫಿನ್ ಎಂದರೂ CH2 ಸಾಲೇ, ಕುಳ್ಳಗಿನದು. ಅದರಲ್ಲೇ ಬಿದ್ದ ನೈಲಾನ್ ಚೂರು ಹಾಗೇ ಹೊರಬಂತು. ಈಗ ಪ್ರತಿ ವರ್ಷ ಇದನ್ನು ಬೇಕೆಂದೇ ಮಾಡುತ್ತೇನೆ.

ಘಟಕ ಎಲ್ಲವನ್ನೂ ಹೇಳುತ್ತದೆ ಎಂದು ಮಾತ್ರ ನಾನು ಕಲಿಸುವುದಿಲ್ಲ. ಹಾಲಿನ ಪ್ಯಾಕೆಟಿನ ಮೃದು ಹಾಳೆಯೂ ಟ್ರಾಲ್ ಬಲೆಯ ಹುರಿಯೂ ಕಾಗದದ ಮೇಲೆ ಅದೇ –[CH2–CH2]–. ಹಾಳೆಯ ಸರಪಳಿಗಳಲ್ಲಿ ಕವಲುಗಳಿವೆ, ಒತ್ತಿ ಜೋಡಿಸಿಕೊಳ್ಳಲಾರವು. ಹುರಿಯಲ್ಲಿ ಕವಲು ಕಡಿಮೆ, ಜೊತೆಗೆ ಎಳೆದು ನೇರ ಮಾಡಿದ್ದಾರೆ. ಸರಪಳಿಯನ್ನು ಬಹಳ ಉದ್ದ ಬೆಳೆಸಿ ಹೀಗೇ ಎಳೆದ ಪಾಲಿಎಥಿಲೀನ್ ನಾರು, ತೂಕಕ್ಕೆ ತೂಕ, ನೈಲಾನಿಗಿಂತ ಗಟ್ಟಿ. ಆದ್ದರಿಂದ "ಹೈಡ್ರೋಜನ್ ಬಂಧ ಇದೆ, ಹಾಗಾಗಿ ನೈಲಾನೇ ಗಟ್ಟಿ" ಎಂದು ಬರೆದವರಿಗೆ ನಾನು ಅರ್ಧ ಅಂಕ ಕೊಡುತ್ತೇನೆ. ಕರಗುವ ಬಿಸಿಯ ಬಗ್ಗೆ, ನೀರಿನ ಬಗ್ಗೆ ಅದೇ ಕಾರಣ ಬರೆದರೆ ಪೂರ್ತಿ.

ಈ ಮಳೆಗಾಲಕ್ಕೆ ಒದ್ದೆ ಮತ್ತು ಒಣ ಗಾಳದ ದಾರಕ್ಕೆ ಭಾರ ಕಟ್ಟಿ ಎಳೆತ ಅಳೆಯುವ ಕೆಲಸ ಹಿಡಿದಿದ್ದೇನೆ. ಒದ್ದೆಯದು ಹೆಚ್ಚು ಹಿಗ್ಗುತ್ತಿರುವುದು ಕಾಣುತ್ತಿದೆ, ಆದರೆ ಹತ್ತರಲ್ಲಿ ಆರು ಸಲ ದಾರ ಕಡಿಯುವುದು ಗಂಟಿನಲ್ಲಿ. ಬಲೆ ಹೊಲಿಯುವ ಆ ಹಿರಿಯರು ಗಂಟು ಹಾಕಿ ತೋರಿಸಲು ಬರುವ ವಾರ ಪ್ರಯೋಗಾಲಯಕ್ಕೆ ಬರುತ್ತಾರೆ.