ಹುಳುಕಡ್ಡಿಯ ಹೊಟ್ಟು, ಒಂದು ಹನಿ ಕೆಒಎಚ್

ನಮ್ಮ ಲ್ಯಾಬಿಗೆ ಬರುವ ಕೆಒಎಚ್ ಚೀಟಿಗಳಲ್ಲಿ ಹುಳುಕಡ್ಡಿಯವೇ ಜಾಸ್ತಿ. ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣ ಚರ್ಮದ ಕೆರಾಟಿನ್ ಕರಗಿಸಿ ಕೋಶಗಳನ್ನು ತೆಳುವಾಗಿಸುತ್ತದೆ. ಫಂಗಸ್‌ನ ಗೋಡೆಯಲ್ಲಿ ಕೈಟಿನ್ ಇರುವುದರಿಂದ ಅದು ಕರಗದೆ ಉಳಿಯುತ್ತದೆ. ಇಷ್ಟೇ ತತ್ವ. ಆದರೆ ಎಲ್ಲಿಂದ ಕೆರೆದಿರಿ ಅನ್ನುವುದರ ಮೇಲೆ ಮುಕ್ಕಾಲು ಫಲಿತಾಂಶ ನಿಂತಿದೆ.

ಒಬ್ಬ ಲಾರಿ ಡ್ರೈವರ್ ಬಂದಿದ್ದರು. ತೊಡೆಸಂದಿಯಿಂದ ಸೊಂಟದವರೆಗೆ ಕಲೆ, ಸರಿಯಾದ ಉಂಗುರವೇ ಕಾಣುತ್ತಿರಲಿಲ್ಲ. "ಮೆಡಿಕಲ್‌ನವರು ಕೊಟ್ಟ ಟ್ಯೂಬ್ ಹಚ್ಚಿದ್ರೆ ಎರಡು ದಿನ ಆರಾಮ ಮೇಡಂ, ಬಿಟ್ರೆ ಮತ್ತೆ ಕಡಿತ" ಅಂದರು. ಟ್ಯೂಬ್ ತಿರುಗಿಸಿ ನೋಡಿದರೆ ಕ್ಲೊಬೆಟಸಾಲ್ ಇತ್ತು. ಈ ಸ್ಟೀರಾಯ್ಡ್ ಕೆಂಪು, ತುರಿಕೆಯನ್ನು ಅಡಗಿಸುತ್ತದೆ, ಫಂಗಸ್ ಮಾತ್ರ ಹಾಯಾಗಿ ಬೆಳೆಯುತ್ತದೆ. ಹಾಗಾಗಿ ಇಂಥವರ ಕಲೆ ನೋಡಿದರೆ ಹುಳುಕಡ್ಡಿ ಹೌದೋ ಅಲ್ಲವೋ ಅಂತ ಅನುಮಾನ ಬರುತ್ತದೆ, ಸ್ಲೈಡ್ ನೋಡಿದರೆ ಫಂಗಸ್‌ನ ಎಳೆಗಳು ತುಂಬಾ ಇರುತ್ತವೆ.

ಮೊದಲು 70% ಆಲ್ಕೋಹಾಲ್‌ನಿಂದ ಒರೆಸಿ ಆರಲು ಬಿಟ್ಟೆ. ಮುಲಾಮಿನ ಜಿಡ್ಡು, ಮೇಲಿನ ಬ್ಯಾಕ್ಟೀರಿಯಾ ಎರಡೂ ಹೋಗಬೇಕು. ಕಲೆಯ ನಡುಭಾಗ ಮುಟ್ಟಲಿಲ್ಲ. ಅಲ್ಲಿ ಫಂಗಸ್ ಆಗಲೇ ಮುಂದೆ ಸರಿದಿರುತ್ತದೆ. ಅಂಚಿನಲ್ಲಿ ಸ್ವಲ್ಪ ಉಬ್ಬಿ ಹೊಟ್ಟೇಳುವ ಜಾಗ ಹುಡುಕಿ, ಮೊಂಡು ಬ್ಲೇಡ್ ಹಿಡಿದು ಒಳಗಿನಿಂದ ಹೊರಗೆ ಕೆರೆದೆ. ರಕ್ತ ಬರಬಾರದು. ಹೊಟ್ಟನ್ನು ಕಪ್ಪು ಕಾಗದದ ಮೇಲೆ ಹಿಡಿದರೆ ಎಷ್ಟು ಸಿಕ್ಕಿತು ಅಂತ ಕಾಣುತ್ತದೆ. ಅದನ್ನು ಹಾಗೇ ಮಡಚಿಡಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ನಿಂತು ಬ್ಯಾಕ್ಟೀರಿಯಾ ಬೆಳೆಯುತ್ತವೆ, ಆಮೇಲೆ ಫಂಗಸ್ ಬೆಳೆಸಿ ನೋಡುವ ಕಲ್ಚರ್ ಕೆಡುತ್ತದೆ.

ಸ್ಲೈಡಿನ ಮೇಲೆ ಹೊಟ್ಟು, ಅದರ ಮೇಲೆ 10% ಕೆಒಎಚ್ ಒಂದು ಹನಿ, ಕವರ್‌ಸ್ಲಿಪ್. ಚರ್ಮಕ್ಕೆ 10ರಿಂದ 20 ನಿಮಿಷ ಸಾಕು. ಉಗುರಿಗೆ ಗಟ್ಟಿ ದ್ರಾವಣ, ಹೆಚ್ಚು ಹೊತ್ತು ಬೇಕು. ಅವಸರವಾದರೆ ದೀಪದ ಮೇಲೆ ಹಗುರವಾಗಿ ಬಿಸಿ ತೋರಿಸುತ್ತೇನೆ. ಕುದಿಸಿದರೆ ಹರಳು ಕಟ್ಟುತ್ತದೆ, ಮತ್ತೆ ಏನೂ ಕಾಣುವುದಿಲ್ಲ. ಆಮೇಲೆ ಕವರ್‌ಸ್ಲಿಪ್ ಮೆಲ್ಲಗೆ ಒತ್ತಿ, ಹೊರಬಂದ ದ್ರಾವಣವನ್ನು ಟಿಶ್ಯೂನಿಂದ ತೆಗೆಯಬೇಕು. ಅದು ಮೈಕ್ರೋಸ್ಕೋಪಿನ ಲೆನ್ಸ್‌ಗೆ ತಾಗಿದರೆ ಹಾಳು.

ಇಲ್ಲಿ ಬೆಳಕು ಕಡಿಮೆ ಮಾಡುವುದೇ ಗುಟ್ಟು. ಕಂಡೆನ್ಸರ್ ಇಳಿಸಿ, ಡಯಾಫ್ರಾಮ್ ಮುಚ್ಚಿ. ಬಣ್ಣ ಹಾಕದ ಫಂಗಸ್ ಜೋರು ಬೆಳಕಿನಲ್ಲಿ ಮಾಯವಾಗಿಬಿಡುತ್ತದೆ. 10x ನಲ್ಲಿ ಹುಡುಕಿ, 40x ನಲ್ಲಿ ಖಚಿತಪಡಿಸಿಕೊಳ್ಳುತ್ತೇನೆ. ನಿಜವಾದ ಎಳೆ ಒಂದೇ ದಪ್ಪ ಇರುತ್ತದೆ, ಅಡ್ಡಗೋಡೆ ಇರುತ್ತವೆ, ಕವಲೊಡೆಯುತ್ತದೆ. ಮುಖ್ಯವಾಗಿ, ಅದು ಚರ್ಮದ ಕೋಶಗಳ ಗಡಿ ದಾಟಿ ಹೋಗುತ್ತದೆ. ಮೊಸಾಯಿಕ್ ಅನ್ನುವ ಸುಳ್ಳು ಫಂಗಸ್ ಆ ಗಡಿಯನ್ನೇ ಬಳಸಿ ಸುತ್ತುತ್ತದೆ, ದಪ್ಪ ಅಲ್ಲಲ್ಲಿ ಬದಲಾಗುತ್ತದೆ. ಹತ್ತಿಯ ನೂಲಾದರೆ ದಪ್ಪ, ಅಡ್ಡಗೋಡೆ ಇಲ್ಲ. ಅನುಮಾನ ಬಂದರೆ ಸ್ಲೈಡನ್ನು ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತೇನೆ, ಕೋಶಗಳು ಇನ್ನಷ್ಟು ತೆಳುವಾದಾಗ ಎಳೆ ಬೇರೆಯಾಗಿ ಎದ್ದು ಕಾಣುತ್ತದೆ. ಈ ರೋಗಿಯ ಸ್ಲೈಡಿನಲ್ಲಿ ಆ ತೊಂದರೆಯೇ ಇರಲಿಲ್ಲ. ಪ್ರತಿ ಫೀಲ್ಡಿನಲ್ಲೂ ಎಳೆಗಳು, ಕೆಲವು ತುಂಡು ತುಂಡಾಗಿ ಸ್ಪೋರ್‌ಗಳ ಸರವಾಗಿದ್ದವು.

ಅಷ್ಟಕ್ಕೆ ಹುಳುಕಡ್ಡಿ ತರುವ ಡರ್ಮಟೊಫೈಟ್ ಫಂಗಸ್ ಇರಬಹುದು ಅಂತ ಹೇಳಬಹುದು, ಯಾವುದು ಅಂತ ಹೇಳಲಾಗುವುದಿಲ್ಲ. ಅದಕ್ಕೆ ಕಲ್ಚರ್ ಬೇಕು. ಸಬುರೋ ಅಗರ್‌ನ ಎರಡು ಟ್ಯೂಬ್ ಹಾಕುತ್ತೇನೆ. ಒಂದರಲ್ಲಿ ಕ್ಲೋರಾಂಫೆನಿಕಾಲ್ ಮಾತ್ರ, ಇನ್ನೊಂದರಲ್ಲಿ ಸೈಕ್ಲೋಹೆಕ್ಸಿಮೈಡ್ ಕೂಡ. ಮೊದಲನೆಯದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಎರಡನೆಯದು ಗಾಳಿಯಲ್ಲಿ ಬರುವ ಹಲವು ಬೂಸುಗಳನ್ನೂ. ಹೊಟ್ಟನ್ನು ಮೇಲೆ ಸುಮ್ನೆ ಉದುರಿಸದೆ ಅಗರ್‌ಗೆ ಸ್ವಲ್ಪ ಒತ್ತಬೇಕು. 25ರಿಂದ 30 ಡಿಗ್ರಿಯಲ್ಲಿ ಇಟ್ಟು 4 ವಾರ ಕಾಯದೆ 'ಬೆಳವಣಿಗೆ ಇಲ್ಲ' ಅಂತ ಬರೆಯುವುದಿಲ್ಲ. ಸ್ಲೈಡ್ ಪಾಸಿಟಿವ್ ಇದ್ದೂ ಕಲ್ಚರ್ ಬಾರದೇ ಇರುವುದು ಸಾಮಾನ್ಯ. ಫಂಗಸ್ ಮುಲಾಮು ಹಚ್ಚಿ ಬಂದವರಲ್ಲಂತೂ ಜಾಸ್ತಿ.

ಈ ಟ್ಯೂಬಿನಲ್ಲಿ ಬೆಳೆದದ್ದು ಬಿಳಿ, ಪುಡಿಪುಡಿಯಾದ, ಚಪ್ಪಟೆ ಕಾಲೊನಿ. ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಬಣ್ಣ ಹಾಕಿ ನೋಡಿದರೆ ಗುಂಡನೆಯ ಸಣ್ಣ ಸ್ಪೋರ್‌ಗಳು ಗೊಂಚಲಾಗಿದ್ದವು, ಮಧ್ಯೆ ಸ್ಪ್ರಿಂಗಿನ ಹಾಗೆ ಸುರುಳಿ ಎಳೆಗಳು. ಯೂರಿಯೇಸ್ ಪರೀಕ್ಷೆ ಪಾಸಿಟಿವ್. ಟ್ರೈಕೊಫೈಟಾನ್ ರೂಬ್ರಮ್ ಆಗಿದ್ದರೆ ಕಾಲೊನಿ ಹತ್ತಿಯಂತೆ ಉಬ್ಬಿ, ಹಿಂಬದಿ ವೈನ್ ಕೆಂಪು ಬರುವುದೇ ಹೆಚ್ಚು. ಹನಿಯಾಕಾರದ ಸ್ಪೋರ್‌ಗಳು ಎಳೆಯ ಇಕ್ಕೆಲಗಳಲ್ಲಿ ಇರುತ್ತವೆ, ಯೂರಿಯೇಸ್ ಸಾಮಾನ್ಯವಾಗಿ ನೆಗೆಟಿವ್.

ಹಾಗಾಗಿ 'ಟ್ರೈಕೊಫೈಟಾನ್ ಮೆಂಟಗ್ರೊಫೈಟಿಸ್ ಗುಂಪು' ಅಂತ ಬರೆದೆ. ಈ ಗುಂಪಿನ ಒಂದು ಜಾತಿಗೆ ಟ್ರೈಕೊಫೈಟಾನ್ ಇಂಡೊಟಿನಿಯೆ ಅನ್ನುವ ಹೆಸರು 2020ರಲ್ಲಿ ಬಂದಿದೆ. ನಮ್ಮ ದೇಶದಲ್ಲಿ ಫಂಗಸ್‌ಗೆ ಕೊಡುವ ಟರ್ಬಿನಾಫಿನ್ ಔಷಧಿಗೆ ಬಗ್ಗದ ಹುಳುಕಡ್ಡಿಯ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಆದರೆ ಮೈಕ್ರೋಸ್ಕೋಪಿನಲ್ಲಿ ಇದನ್ನು ಅಕ್ಕಪಕ್ಕದ ಜಾತಿಗಳಿಂದ ಬೇರ್ಪಡಿಸಲು ಆಗುವುದಿಲ್ಲ, ಫಂಗಸ್‌ನ ಡಿಎನ್‌ಎ ಓದುವ ಐಟಿಎಸ್ ಸೀಕ್ವೆನ್ಸಿಂಗ್ ಬೇಕು. ಅದು ನಮ್ಮಲ್ಲಿಲ್ಲ. ರಿಪೋರ್ಟಿನ ಕೆಳಗೆ ಒಂದು ಸಾಲು ಸೇರಿಸಿದೆ: ಟರ್ಬಿನಾಫಿನ್‌ಗೆ ಗುಣವಾಗದಿದ್ದರೆ ಕಲ್ಚರ್ ಟ್ಯೂಬನ್ನು ಔಷಧಿಯ ಸಂವೇದನಾ ಪರೀಕ್ಷೆಗೆ ಕಳಿಸಿ.