ಹೃದಯದ ಚಿತ್ರ: ಬಾಯಿಪಾಠ ಬಿಡಿ, ರಕ್ತದ ಹಿಂದೆ ಹೋಗಿ

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅಚ್ಚುಕಟ್ಟಾದ ಒಂದು ಹೃದಯ ಸಿಕ್ಕಿತು. ಶಿರಸಿ ಕಡೆಯ ಹುಡುಗಿ ಬರೆದದ್ದು. ಪೆನ್ಸಿಲ್ ಗೆರೆ ಎಲ್ಲೂ ನಡುಗಿರಲಿಲ್ಲ, ಹೆಸರುಗಳೆಲ್ಲ ಬಲಬದಿಯಲ್ಲಿ ಒಂದರ ಕೆಳಗೆ ಒಂದು ಸಾಲಾಗಿ ನಿಂತಿದ್ದವು. ಆದರೆ ಪುಪ್ಪುಸಕ ಅಪಧಮನಿಯನ್ನು ಎಡ ಹೃತ್ಕುಕ್ಷಿಯಿಂದ ಹೊರಡಿಸಿ, ಪಕ್ಕದಲ್ಲಿ ‘ಆಮ್ಲಜನಕಯುಕ್ತ ರಕ್ತ’ ಎಂದು ಬರೆದಿದ್ದಳು. ಕರೆದು ಕೇಳಿದೆ. ‘ಅಪಧಮನಿ ಅಂದ್ರೆ ಒಳ್ಳೆ ರಕ್ತ ಅಲ್ದಾ ಸರ್?’ ಅಂದಳು.

ತಪ್ಪು ಅವಳೊಬ್ಬಳದಲ್ಲ. ‘ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ’ ಎಂದು ನಾವು ಮೇಷ್ಟ್ರುಗಳೇ ಅವಸರದಲ್ಲಿ ಹೇಳಿಬಿಟ್ಟಿರುತ್ತೇವೆ. ಹೃದಯದಲ್ಲಿ ಈ ಮಾತು ಸುಳ್ಳಾಗುವುದು ಎರಡೇ ಕಡೆ. ಪರೀಕ್ಷೆಯಲ್ಲಿ ಕೇಳುವುದೂ ಹೆಚ್ಚಾಗಿ ಆ ಎರಡು ಕಡೆಯನ್ನೇ.

ಹೆಸರಿನಲ್ಲೇ ಉತ್ತರವಿದೆ, ಅದನ್ನು ಒಡೆದು ನೋಡಬೇಕು. ‘ಅಪ’ ಎಂದರೆ ದೂರಕ್ಕೆ, ಅಪಹರಣದಲ್ಲಿ ಇರುವ ಹಾಗೆ. ‘ಅಭಿ’ ಎಂದರೆ ಕಡೆಗೆ, ಅಭಿಮುಖದಲ್ಲಿ ಇರುವ ಹಾಗೆ. ಹೃದಯದಿಂದ ದೂರ ಒಯ್ಯುವ ನಾಳ ಅಪಧಮನಿ, ಹೃದಯದ ಕಡೆಗೆ ತರುವ ನಾಳ ಅಭಿಧಮನಿ. ಒಳಗಿರುವ ರಕ್ತ ಯಾವುದು ಎಂಬುದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಹೃದಯದಿಂದ ಶ್ವಾಸಕೋಶಕ್ಕೆ ಒಯ್ಯುವುದರಿಂದ ಅದು ಪುಪ್ಪುಸಕ ಅಪಧಮನಿ. ಆಮ್ಲಜನಕ ತುಂಬಿಕೊಳ್ಳಲು ಹೊರಟ ರಕ್ತವಾದ್ದರಿಂದ ಅದರಲ್ಲಿ ಆಮ್ಲಜನಕ ಕಡಿಮೆ. ಶ್ವಾಸಕೋಶದಿಂದ ಮರಳಿ ತರುವ ಪುಪ್ಪುಸಕ ಅಭಿಧಮನಿಯಲ್ಲಿ ಆಮ್ಲಜನಕ ತುಂಬಿದ ರಕ್ತ. ‘ಅಶುದ್ಧ’ ಎಂಬ ಮಾತೂ ದಾರಿ ತಪ್ಪಿಸುತ್ತದೆ. ನಾವು ಸುಮ್ಮನೆ ಕುಳಿತಿರುವಾಗ ಹೃದಯಕ್ಕೆ ಮರಳುವ ರಕ್ತದಲ್ಲಿ ಹಿಮೋಗ್ಲೋಬಿನ್ ಹೊತ್ತಿದ್ದ ಆಮ್ಲಜನಕದ ಮುಕ್ಕಾಲು ಪಾಲಿನಷ್ಟು ಇನ್ನೂ ಉಳಿದಿರುತ್ತದೆ. ಪುಸ್ತಕದ ನೀಲಿ ಬಣ್ಣ ಗುರುತಿಗಾಗಿ ಹಾಕಿದ್ದು, ನಿಜವಾದ ರಕ್ತ ಕಡುಗೆಂಪೇ.

ಈಗ ಚಿತ್ರಕ್ಕೆ ಬರೋಣ. ಮೊದಲು ಬಗೆಹರಿಸಿಕೊಳ್ಳಬೇಕಾದದ್ದು ಎಡ ಬಲ. ಯಕ್ಷಗಾನದ ವೇಷಧಾರಿ ನಮ್ಮೆದುರು ನಿಂತರೆ ಅವನ ಬಲಗೈ ಇರುವುದು ನಮ್ಮ ಎಡಕ್ಕೆ. ಹೃದಯದ ಚಿತ್ರವೂ ಹಾಗೆ ಎದುರು ನಿಂತವನದ್ದು. ಹಾಳೆಯ ಎಡಬದಿಯಲ್ಲಿರುವುದು ಬಲ ಹೃತ್ಕರ್ಣ ಮತ್ತು ಬಲ ಹೃತ್ಕುಕ್ಷಿ. ಸಂಶಯ ಬಂದರೆ ಚಿತ್ರ ಎದುರಿನವರಿಗೆ ಕಾಣುವಂತೆ ನೋಟ್‌ಬುಕ್ಕನ್ನು ಎದೆಗೆ ಆನಿಸಿ ಹಿಡಿಯಿರಿ. ಚಿತ್ರದ ಬಲ ನಿಮ್ಮ ಬಲಕ್ಕೇ ಬಂದು ಕೂರುತ್ತದೆ.

ಬರೆಯುವಾಗ ಹೊರಗೆರೆಯನ್ನು ತುಸು ವಾಲಿದ ಮಾವಿನಕಾಯಿಯಂತೆ ಎಳೆಯಿರಿ, ಚೂಪು ತುದಿ ಹಾಳೆಯ ಬಲ ಕೆಳಮೂಲೆಯ ಕಡೆಗಿರಲಿ. ಒಳಗೆ ಮೇಲಿಂದ ಕೆಳಗೆ ಒಂದು ನಡುಗೋಡೆ. ಅದಕ್ಕೆ ಅಡ್ಡವಾಗಿ ಇನ್ನೊಂದು ಗೆರೆ, ಆದರೆ ಎರಡೂ ಬದಿಯಲ್ಲಿ ಕವಾಟಕ್ಕೆ ಜಾಗ ಬಿಟ್ಟು. ಮೇಲಿನ ಎರಡು ಸಣ್ಣ ಕೋಣೆ ಹೃತ್ಕರ್ಣಗಳು, ಕೆಳಗಿನ ಎರಡು ದೊಡ್ಡವು ಹೃತ್ಕುಕ್ಷಿಗಳು. ನಡುಗೋಡೆಯಲ್ಲಿ ಮಾತ್ರ ಸಂದು ಬಿಡಬೇಡಿ. ಅಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಬಲದಿಂದ ಎಡಕ್ಕೆ ಅವುಗಳ ಮೂಲಕ ಸೋರುತ್ತದೆ ಎಂದು ಪ್ರಾಚೀನ ರೋಮಿನ ವೈದ್ಯ ಗ್ಯಾಲೆನ್ ನಂಬಿದ್ದ. ರಕ್ತ ಶ್ವಾಸಕೋಶವನ್ನು ಸುತ್ತಿಯೇ ಎಡಕ್ಕೆ ಬರಬೇಕು ಎಂದು 13ನೇ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್-ನಫೀಸ್ ಬರೆಯುವವರೆಗೆ ಸಾವಿರ ವರ್ಷ ದಾಟಿತ್ತು. ಹಾಗಾಗಿ ಸಂದು ಬಿಟ್ಟ ಮಕ್ಕಳ ಮೇಲೆ ನನಗೆ ದೊಡ್ಡ ಸಿಟ್ಟೇನೂ ಇಲ್ಲ, ಅಂಕ ಮಾತ್ರ ಹೋಗುತ್ತದೆ.

ಕೈ ತಪ್ಪುವುದು ಮೇಲಿನ ದೊಡ್ಡ ನಾಳಗಳಲ್ಲಿ. ಬಲ ಹೃತ್ಕುಕ್ಷಿಯಿಂದ ಹೊರಟ ಪುಪ್ಪುಸಕ ಅಪಧಮನಿ ಮುಂದಿನಿಂದ ಹಾದು ಹಾಳೆಯ ಬಲಕ್ಕೆ ವಾಲುತ್ತ ಮೇಲೇರಿ, ಎರಡಾಗಿ ಕವಲೊಡೆದು ಎರಡು ಶ್ವಾಸಕೋಶಗಳಿಗೆ ಹೋಗುತ್ತದೆ. ಎಡ ಹೃತ್ಕುಕ್ಷಿಯ ಮಹಾಪಧಮನಿ ಅದರ ಹಿಂದಿನಿಂದ ಹಾಳೆಯ ಎಡಕ್ಕೆ ವಾಲುತ್ತ ಮೇಲೆದ್ದು, ಕೊಡೆಯ ಹಿಡಿಯಂತೆ ಬಾಗಿ ಕೆಳಗಿಳಿಯುತ್ತದೆ. ಅಂದರೆ ಎರಡೂ ಒಂದನ್ನೊಂದು ದಾಟುತ್ತವೆ. ಮೇಲಿನ ತುದಿಯಿಂದ ಗೆರೆ ಎಳೆಯುತ್ತ ಕೆಳಗೆ ಬಂದವರು ಈ ದಾಟಿನಲ್ಲಿ ದಾರಿ ತಪ್ಪಿ, ಒಂದರ ಬುಡವನ್ನು ಇನ್ನೊಂದರ ಕೋಣೆಗೆ ಸೇರಿಸಿಬಿಡುತ್ತಾರೆ. ನಮ್ಮ ಹುಡುಗಿಗೆ ಆದದ್ದೂ ಇದೇ. ನಾಳವನ್ನು ಯಾವಾಗಲೂ ಕೋಣೆಯಿಂದ ಶುರು ಮಾಡಿ ಮೇಲಕ್ಕೆ ಎಳೆಯಿರಿ. ಮುಂದಿರುವ ಪುಪ್ಪುಸಕ ಅಪಧಮನಿಯನ್ನು ಮೊದಲು ಪೂರ್ತಿ ಬರೆದು, ಆಮೇಲೆ ಮಹಾಪಧಮನಿಯನ್ನು ಅದರ ಹಿಂದೆ ಮರೆಯಾಗಿ ಹೋಗುವಂತೆ ಬರೆಯಿರಿ. ಉಳಿದವು ಸುಲಭ. ಹಾಳೆಯ ಎಡಬದಿಯಲ್ಲಿ ಮೇಲಿಂದೊಂದು ಕೆಳಗಿಂದೊಂದು ಮಹಾಅಭಿಧಮನಿ ಬಲ ಹೃತ್ಕರ್ಣಕ್ಕೆ, ಇನ್ನೊಂದು ಬದಿಯಲ್ಲಿ ಪುಪ್ಪುಸಕ ಅಭಿಧಮನಿಗಳು ಎಡ ಹೃತ್ಕರ್ಣಕ್ಕೆ.

ಎಡ ಹೃತ್ಕುಕ್ಷಿಯ ಗೋಡೆಯನ್ನು ಬಲದ್ದಕ್ಕಿಂತ ಎದ್ದು ಕಾಣುವಷ್ಟು ದಪ್ಪ ಬರೆಯಬೇಕು. ಯಾಕೆ ಎಂದು ಕೇಳಿದರೆ ‘ಎಡದ್ದು ಹೆಚ್ಚು ರಕ್ತ ತಳ್ಳುತ್ತದೆ’ ಎಂದು ಬರೆಯುವವರೇ ಬಹಳ. ತಪ್ಪು. ಒಂದು ಬಡಿತಕ್ಕೆ ಎರಡೂ ತಳ್ಳುವುದು ಒಂದೇ ಅಳತೆ, ವಿರಾಮದಲ್ಲಿರುವ ದೊಡ್ಡವರಲ್ಲಿ ಸುಮಾರು 70 ಮಿಲಿಲೀಟರ್. ನಿಮಿಷಕ್ಕೆ 72 ಬಡಿತವೆಂದರೆ 5 ಲೀಟರ್ ಆಯಿತು. ಎಡದ್ದು ಸ್ವಲ್ಪ ಹೆಚ್ಚು ತಳ್ಳುತ್ತ ಹೋದರೂ ಕೆಲವೇ ನಿಮಿಷದಲ್ಲಿ ಶ್ವಾಸಕೋಶದಲ್ಲಿ ರಕ್ತವೇ ಉಳಿಯುವುದಿಲ್ಲ. ವ್ಯತ್ಯಾಸ ಇರುವುದು ಒತ್ತಡದಲ್ಲಿ. ಬಲದ್ದು ಪಕ್ಕದ ಶ್ವಾಸಕೋಶಕ್ಕೆ ಸುಮಾರು 25 ಮಿ.ಮೀ. ಪಾದರಸದ ಒತ್ತಡದಲ್ಲಿ ತಳ್ಳಿದರೆ ಸಾಕು. ಎಡದ್ದು ನೆತ್ತಿಯಿಂದ ಅಂಗಾಲಿನವರೆಗೆ ಮುಟ್ಟಿಸಬೇಕು, ಅದಕ್ಕೆ ಬಿ.ಪಿ. ನೋಡುವಾಗ ಹೇಳುವ ಮೇಲಿನ ಸಂಖ್ಯೆಯಷ್ಟು, ಅಂದರೆ 120ರ ಸುಮಾರಿನ ಒತ್ತಡ ಬೇಕು. ಗದ್ದೆಯಂಚಿಗೆ ನೀರು ಹಾಯಿಸುವ ಪಂಪಿಗೂ ಅಷ್ಟೇ ನೀರನ್ನು ಗುಡ್ಡದ ಮೇಲಿನ ತೋಟಕ್ಕೆ ಏರಿಸುವ ಪಂಪಿಗೂ ಇರುವ ವ್ಯತ್ಯಾಸ ಇದು.

ಕವಾಟಕ್ಕೂ ಪಂಪಿನ ಹೋಲಿಕೆ ಸಾಕು. ಬಾವಿಯೊಳಗಿನ ಪೈಪಿನ ತುದಿಗಿರುವ ಫುಟ್‌ವಾಲ್ವ್ ನೀರನ್ನು ಮೇಲೆ ಬಿಡುತ್ತದೆ, ಕೆಳಗೆ ಜಾರಲು ಬಿಡುವುದಿಲ್ಲ. ಹೃದಯದಲ್ಲಿ ಅಂಥವು ನಾಲ್ಕು. ಬಲ ಹೃತ್ಕರ್ಣ ಮತ್ತು ಹೃತ್ಕುಕ್ಷಿಯ ನಡುವೆ ತ್ರಿದಳ ಕವಾಟ, ಎಡದಲ್ಲಿ ದ್ವಿದಳ ಕವಾಟ, ಎರಡು ದೊಡ್ಡ ಅಪಧಮನಿಗಳ ಬುಡದಲ್ಲಿ ಅರ್ಧಚಂದ್ರಾಕಾರದ ಕವಾಟಗಳು. ಫುಟ್‌ವಾಲ್ವ್ ಲೀಕಾದರೆ ಪೈಪಿನ ನೀರು ಬಾವಿಗೇ ಇಳಿಯುತ್ತದೆ. ದ್ವಿದಳ ಕವಾಟ ಸರಿಯಾಗಿ ಮುಚ್ಚದಿದ್ದರೆ ಹೃತ್ಕುಕ್ಷಿ ಒತ್ತಿದಾಗ ರಕ್ತದ ಒಂದು ಪಾಲು ಎಡ ಹೃತ್ಕರ್ಣಕ್ಕೇ ಹಿಂತಿರುಗುತ್ತದೆ, ಸ್ಟೆತೋಸ್ಕೋಪಿನಲ್ಲಿ ಡಾಕ್ಟರಿಗೆ ಅದರ ಸದ್ದು ಕೇಳುತ್ತದೆ.

ಇತ್ತೀಚೆಗೆ ಪ್ರಶ್ನೆಗಳಲ್ಲಿ ಭಾಗದ ಹೆಸರನ್ನೇ ಕೊಡದೆ ಅದರ ಕೆಲಸ ಹೇಳಿ ‘ಗುರುತಿಸಿ’ ಎನ್ನುವುದುಂಟು. ‘ಶ್ವಾಸಕೋಶದಿಂದ ಬಂದ ರಕ್ತವನ್ನು ಪಡೆಯುವ ಕೋಣೆ’ ಎಂಬ ಥರ. ಆಗ ಎರಡು ವಿಷಯ ಕೇಳಿಕೊಳ್ಳಿ. ರಕ್ತ ಹೃದಯಕ್ಕೆ ಬರುತ್ತಿದೆಯೋ, ಹೊರಡುತ್ತಿದೆಯೋ? ಬರುವುದಾದರೆ ಹೃತ್ಕರ್ಣ, ಹೊರಡುವುದಾದರೆ ಹೃತ್ಕುಕ್ಷಿ. ಆ ರಕ್ತ ಶ್ವಾಸಕೋಶವನ್ನು ಮುಟ್ಟಿ ಬಂದಿದೆಯೋ, ಇನ್ನೂ ಮುಟ್ಟಬೇಕೋ? ಮುಟ್ಟಿ ಬಂದಿದ್ದರೆ ಎಡ, ಮುಟ್ಟಬೇಕಿದ್ದರೆ ಬಲ. ಮೇಲಿನ ಪ್ರಶ್ನೆಯಲ್ಲಿ ರಕ್ತ ಬರುತ್ತಿದೆ, ಶ್ವಾಸಕೋಶ ಮುಟ್ಟಿಯೂ ಆಗಿದೆ. ಎಡ ಹೃತ್ಕರ್ಣ.

ಒಂದು ಪೂರ್ತಿ ದಾರಿ ನಡೆದು ನೋಡೋಣ. ಕಾರವಾರದ ಹುಡುಗನೊಬ್ಬ ಬಂಡೆಯ ಮೇಲೆ ಕಲಗ ಕೀಳಲು ಹೋಗಿ, ಚಿಪ್ಪು ತಾಗಿ ಬಲಗಾಲು ಕೊಯ್ದುಕೊಂಡ ಎನ್ನಿ. ಗಾಯ ಕೀವಾಯಿತು. ಆಸ್ಪತ್ರೆಯಲ್ಲಿ ಎಡಗೈಯ ಅಭಿಧಮನಿಗೆ ಔಷಧಿ ಕೊಟ್ಟರು. ಅದು ಬಲಗಾಲಿಗೆ ಹೇಗೆ ಹೋಗುತ್ತದೆ? ಕೈಯಿಂದ ನೇರ ಕಾಲಿಗೆ ದಾರಿಯಿಲ್ಲ. ಚುಚ್ಚಿದ್ದು ಅಭಿಧಮನಿಗೆ, ಅಂದರೆ ಅದು ಹೃದಯದ ಕಡೆಗೇ ಹೋಗಬೇಕು. ಕೈ ಇರುವುದು ಹೃದಯಕ್ಕಿಂತ ಮೇಲಿನ ಭಾಗದಲ್ಲಿ, ಹಾಗಾಗಿ ಊರ್ಧ್ವ ಮಹಾಅಭಿಧಮನಿ. ಎಡಗೈಗೆ ಚುಚ್ಚಿದ್ದಾದರೂ ಸೇರುವುದು ಬಲ ಹೃತ್ಕರ್ಣವನ್ನು, ಇಲ್ಲಿ ಎಡವುವವರು ತುಂಬ. ಅಲ್ಲಿಂದ ತ್ರಿದಳ ಕವಾಟ ದಾಟಿ ಬಲ ಹೃತ್ಕುಕ್ಷಿ, ಪುಪ್ಪುಸಕ ಅಪಧಮನಿ, ಶ್ವಾಸಕೋಶದ ಲೋಮನಾಳಗಳು. ಪುಪ್ಪುಸಕ ಅಭಿಧಮನಿಯಲ್ಲಿ ಮರಳಿ ಎಡ ಹೃತ್ಕರ್ಣ, ದ್ವಿದಳ ಕವಾಟ, ಎಡ ಹೃತ್ಕುಕ್ಷಿ, ಮಹಾಪಧಮನಿ. ಅದರ ಕೆಳಗಿಳಿಯುವ ಕೊಂಬೆಯಿಂದ ಬಲಗಾಲಿನ ಅಪಧಮನಿ, ಕೊನೆಗೆ ಗಾಯದ ಸುತ್ತಲಿನ ಲೋಮನಾಳಗಳು. ಬರೆದಾದ ಮೇಲೆ ಎಣಿಸಿ ನೋಡಿ. ನಾಲ್ಕು ಕೋಣೆ, ನಾಲ್ಕು ಕವಾಟ ಸಿಗಬೇಕು, ಒಂದೂ ಎರಡು ಸಲ ಬರಬಾರದು. ಕಡಿಮೆ ಬಿದ್ದರೆ ಹೆಚ್ಚಾಗಿ ಬಿಟ್ಟುಹೋಗಿರುವುದು ಅರ್ಧಚಂದ್ರಾಕಾರದ ಕವಾಟ. ಮೇಲೆ ನಾನೂ ಬೇಕೆಂದೇ ಆ ಎರಡನ್ನು ಬಿಟ್ಟಿದ್ದೇನೆ, ಅವುಗಳ ಜಾಗ ನೀವೇ ಹುಡುಕಿ ತುಂಬಿ.

ಹೀಗೆ ದಾರಿ ಬರೆದು ರೂಢಿಯಾದವರು ಬೇರೊಂದು ಗುಂಡಿಗೆ ಬೀಳುತ್ತಾರೆ. ಮೊದಲು ಬಲಬದಿ ಬಡಿಯುತ್ತದೆ, ಆಮೇಲೆ ಎಡಬದಿ ಎಂದುಕೊಳ್ಳುತ್ತಾರೆ. ಒಂದು ಹನಿಯ ಹಿಂದೆ ಹೋದರೆ ಬಲ ಮೊದಲು, ಎಡ ಆಮೇಲೆ, ನಿಜ. ಆದರೆ ಹೃದಯ ಬಡಿಯುವುದು ಹಾಗಲ್ಲ. ಎರಡು ಹೃತ್ಕರ್ಣಗಳು ಒಟ್ಟಿಗೆ, ಆಮೇಲೆ ಎರಡು ಹೃತ್ಕುಕ್ಷಿಗಳು ಒಟ್ಟಿಗೆ ಸಂಕುಚಿಸುತ್ತವೆ. ‘ಎಡ ಹೃತ್ಕುಕ್ಷಿ ರಕ್ತವನ್ನು ಹೊರದೂಡುವಾಗ ತ್ರಿದಳ ಕವಾಟದ ಸ್ಥಿತಿ ಏನು?’ ಎಂದು ಕೇಳಿದರೆ, ಅದು ಆಚೆ ಬದಿಯದ್ದಾದರೂ ಮುಚ್ಚಿರುತ್ತದೆ ಎಂದೇ ಬರೆಯಬೇಕು, ಆ ಹೊತ್ತಿಗೆ ಬಲ ಹೃತ್ಕುಕ್ಷಿಯೂ ಒತ್ತುತ್ತಿರುತ್ತದೆ.

ಚಿತ್ರ ತಿದ್ದಿ ತಂದ ಹುಡುಗಿಗೆ ಕೊನೆಗೊಂದು ಪ್ರಶ್ನೆ ಕೊಟ್ಟೆ. ‘ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ಗಡ್ಡೆ ಕಿತ್ತುಕೊಂಡು ಹೊರಟಿತು, ತಂಗಿ. ಎಲ್ಲಿ ಹೋಗಿ ಸಿಕ್ಕಿಬೀಳುತ್ತದೆ?’ ಹಾಳೆಯ ಮೇಲೆ ಬೆರಳಿಟ್ಟು ನಡೆಸಿಕೊಂಡು ಹೋದಳು. ಅಧೋ ಮಹಾಅಭಿಧಮನಿ, ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ. ಅಲ್ಲಿಯವರೆಗೆ ದಾರಿ ಅಗಲ. ಪುಪ್ಪುಸಕ ಅಪಧಮನಿ ಕವಲೊಡೆದು ಕಿರಿದಾಗುವಲ್ಲಿ ಬೆರಳು ನಿಂತಿತು. ‘ಶ್ವಾಸಕೋಶದಲ್ಲಿ ಸರ್. ಮಿದುಳಿಗೆ ಹೋಗೂದಿಲ್ಲ.’ ಒಂದು ಕ್ಷಣ ಬಿಟ್ಟು ಅವಳೇ ಕೇಳಿದಳು: ‘ನಡುಗೋಡೆಯಲ್ಲಿ ತೂತಿದ್ರೆ?’ ಕೆಲವರಿಗೆ ಹುಟ್ಟಿನಿಂದಲೇ ಎರಡು ಹೃತ್ಕರ್ಣಗಳ ನಡುವೆ ಸಣ್ಣ ಕಿಂಡಿ ಮುಚ್ಚದೆ ಉಳಿದಿರುತ್ತದೆ, ಅಂಥವರಲ್ಲಿ ಗಡ್ಡೆ ಅದನ್ನು ನುಸುಳಿ ಎಡಕ್ಕೆ ಬಂದು ಮಿದುಳನ್ನೂ ಮುಟ್ಟಬಹುದು ಎಂದೆ. ಅವಳು ಪೆನ್ಸಿಲ್ ತೆಗೆದು ತನ್ನ ಚಿತ್ರದ ನಡುಗೋಡೆಯ ಗೆರೆಯನ್ನು ಇನ್ನೊಮ್ಮೆ ತೀಡಿದಳು.